ರದ್ದಾದ ಬಿಲ್ಲುಗಳು

ಗಲ್ಲಾಪೆಟ್ಟಿಗೆಯ ನಗದು ಕಂಪ್ಯೂಟರಿನ ಲೆಕ್ಕಕ್ಕೆ ಪೈಸೆ ತಪ್ಪದೆ ತಾಳೆಯಾಗಿತ್ತು. ಆದರೂ ಯಮಕನಮರಡಿಯ ಖಾನಾವಳಿಯ ಒಡತಿ ಶೋಭಾ ಚೀಟಿಗಳನ್ನು ಇನ್ನೊಮ್ಮೆ ಎಣಿಸಿದಳು. ಅಡುಗೆಮನೆಗೆ ಹೋದ ಊಟದ ಚೀಟಿಗಳು ಬಿಲ್ಲುಗಳಿಗಿಂತ ಹೆಚ್ಚಿದ್ದವು. ಗಿರಾಕಿ ನಗದು ಕೊಟ್ಟು ಹೋದ ಮೇಲೆ ಯಾರೋ ಬಿಲ್ಲನ್ನೇ ರದ್ದು ಮಾಡಿ, ಅಷ್ಟು ಹಣ ಜೇಬಿಗಿಳಿಸಿದ್ದರು. ಫೋನಿನಲ್ಲಿ ಪಾವತಿಯಾದ ಒಂದು ಬಿಲ್ಲನ್ನೂ ಮುಟ್ಟಿರಲಿಲ್ಲ.

ರದ್ದು ಮಾಡಿದವರ ಹೆಸರು ತೆರೆದು ನೋಡಿದಳು. ಪ್ರತಿ ಸಾಲಿನಲ್ಲೂ ರಾಚಪ್ಪ. ಅವಳ ಗಂಡ, ಶ್ರಾವಣದಲ್ಲೇ ಮಣ್ಣಾದವನು. ಅವನ ಪಾಸ್‌ವರ್ಡ್ ತೆಗೆಸಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಅದು ಗೊತ್ತಿದ್ದದ್ದು ಗಲ್ಲೆಯ ಮೇಲೆ ಕೂರುವ ಮೈದುನ ಲಕ್ಷ್ಮಣನೊಬ್ಬನಿಗೇ.

“ಲೆಕ್ಕ ಬರೋಬ್ಬರಿ ಐತಿಲ್ರಿ, ವೈನಿ?” ಲಕ್ಷ್ಮಣ ಕೇಳಿದ.

“ಐತಿ. ನಿಮ್ಮ ಅಣ್ಣಗ ಮಣ್ಣ ಕೊಟ್ಟ ಕೈಲೇನ ಅವರನ್ನ ಕಳ್ಳರನ್ನ ಮಾಡಿದೆಲ್ಲೋ, ಲಕ್ಷ್ಮಣಾ.”