ಅಜ್ಜಿಯ ಸರಿ

ಆಸ್ಪತ್ರೆಯ ದುಭಾಷಿಗೆ, ಕನ್ನಡ ಬಾರದ ಈ ಡಾಕ್ಟರ ಅವಸರ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮಂಡಿ ಆಪರೇಷನ್ ಬಗ್ಗೆ ಅವರು ಹೇಳಿದ್ದನ್ನೆಲ್ಲ ಅವಳು ಕನ್ನಡದಲ್ಲಿ ತಿಳಿಸಿದಂತೆಲ್ಲ ಅಜ್ಜಿ "ಸರಿ" ಅನ್ನುತ್ತಿದ್ದರು. "ಕೇಳಿಸಿಕೊಂಡರು," ಎಂದಷ್ಟೇ ಅವಳು ಡಾಕ್ಟರಿಗೆ ದಾಟಿಸಿದಳು.

ಆರು ವಾರ ಮೆಟ್ಟಿಲು ಹತ್ತಬಾರದು ಎಂದಾಗ ಅಜ್ಜಿ, "ಸರಿಹೋಯ್ತು!" ಅಂದರು.

"ಇದೊಂದು ಬಾಕಿ ಇತ್ತು ಅಂತಿದ್ದಾರೆ," ಎಂದಳು ದುಭಾಷಿ.

ಕೊನೆಗೆ ಒಪ್ಪಿಗೆ ಪತ್ರ ಬಂತು. ಪಕ್ಕದಲ್ಲಿದ್ದ ಅಜ್ಜಿಯ ಮಗ, "ಸಹಿ ಹಾಕಮ್ಮ, ಎಷ್ಟು ಸಲ ಹೇಳೋದು?" ಅಂದ.

"ಸರಿ ಬಿಡಪ್ಪ."

ಈಗಾಗಲೇ ಆ ಪದ ಕಲಿತಿದ್ದ ಡಾಕ್ಟರು ನಗುತ್ತ ಪೆನ್ನು ಚಾಚಿದರು. ದುಭಾಷಿ ಕೈ ಅಡ್ಡ ಹಿಡಿದಳು.

"ಇದು ಒಪ್ಪಿಗೆ ಅನಿಸ್ತಿಲ್ಲ ಡಾಕ್ಟ್ರೇ. ಮಗನ ಹತ್ತಿರ ವಾದ ಮಾಡಿ ಸಾಕಾಗಿರೋ ಮಾತು. ಅವರನ್ನೇ ಕೇಳಿ."

ಡಾಕ್ಟರು ಕುರ್ಚಿ ಎಳೆದು ಕೂತು ಕೇಳಿದರು.

ಅಜ್ಜಿ ಹತ್ತು ನಿಮಿಷ ಮಾತಾಡಿದರು. ಒಂದು ಸಲವೂ ಸರಿ ಅನ್ನಲಿಲ್ಲ.