ಹೊಸದೇನೂ ಬರಲಿಲ್ಲ

ಸಂದರ್ಶನಕ್ಕೆ ಹದಿನಾಲ್ಕು ಜನ ಸಾಕೇ ಎಂದು ಯಾರು ಕೇಳಿದರೂ ನರ್ಸಮ್ಮನ ಬಳಿ ಉತ್ತರ ಸಿದ್ಧವಿತ್ತು. ಮನೆಯಲ್ಲೇ ಕೊನೆಯುಸಿರೆಳೆದ ರೋಗಿಗಳನ್ನು ನೋಡಿಕೊಂಡ ಬಂಧುಗಳ ಅನುಭವ ಅವಳ ಸಂಶೋಧನೆಯ ವಿಷಯ. ವಾರ್ಡಿನಲ್ಲಿ ವರ್ಷಗಟ್ಟಲೆ ಜೀವ ತೇಯ್ದು, ಕಾಡಿ ಬೇಡಿ ರಜೆ ಪಡೆದು ಪಿಎಚ್‌ಡಿಗೆ ಬಂದವಳು. ಈ ತಿಂಗಳ ಕೊನೆಗೆ ರಜೆ ಮುಗಿಯುತ್ತದೆ. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಕಾಲೇಜಿನಲ್ಲಿ ಅವಳಿಗೆಂದು ಇಟ್ಟಿರುವ ಪಾಠ ಹೇಳುವ ಕೆಲಸಕ್ಕೆ ಎಳ್ಳುನೀರು ಬಿಡಬೇಕು.

"ನಂದು ನಾನೂರು ಜನ. ನಿಮ್ಮೋರನ್ನ ಕೂರಿಸಿದ್ರೆ ಒಂದು ಮಿನಿ ಬಸ್ಸೂ ತುಂಬಲ್ಲ," ಎಂದು ಪಕ್ಕದ ಮೇಜಿನಲ್ಲಿ ಸರ್ವೆ ಮಾಡಿ ಪಿಎಚ್‌ಡಿ ಬರೆಯುತ್ತಿದ್ದವನು ಕಾಲೆಳೆಯುತ್ತಿದ್ದ. ಅವನಿಗೆ ತಲೆ ಎಣಿಸುವುದೇ ಶಾಸ್ತ್ರ. ಇವಳದು ಬೇರೆ ದಾರಿ. ಸಂದರ್ಶನದ ಮಾತುಗಳನ್ನು ಓದಿ, ಒಂದೊಂದು ಅರ್ಥಕ್ಕೂ ಅಂಚಿನಲ್ಲಿ ಒಂದು ಹೆಸರು, ಅಂದರೆ ಕೋಡ್, ಕೊಡುತ್ತಾ ಹೋಗುವುದು. ಹೊಸಬರು ಬಂದರೂ ಹೊಸ ಅರ್ಥ ಬಾರದಾದಾಗ ದತ್ತಾಂಶ ಸಂತೃಪ್ತವಾಯಿತು ಎನ್ನುತ್ತಾರೆ. ಅಧ್ಯಯನ ವಿಧಾನದ ಅಧ್ಯಾಯದಲ್ಲಿ ಅವಳು ಹಾಗೆಯೇ ಬರೆದಿದ್ದಳು: "ಒಂಬತ್ತನೆಯ ಸಂದರ್ಶನದ ನಂತರ ಹೊಸ ಕೋಡ್ ಬರಲಿಲ್ಲ. ಇನ್ನೂ ಐದು ಸಂದರ್ಶನಗಳು ಇದನ್ನು ದೃಢಪಡಿಸಿದವು."

ಗೈಡ್ ಮೇಡಂ ಕೋಷ್ಟಕದ ಮೇಲೆ ಬೆರಳಿಟ್ಟು ಕೂತರು.

"ಹೊಸ ಕೋಡುಗಳು ಬರ್ತಾ ಬರ್ತಾ ಕಮ್ಮಿ ಆಗೋದು ಸಹಜ. ಇದು ಕರೆಂಟ್ ಹೋದ ಹಾಗೆ ನಿಂತಿದೆ ನೋಡು. ಒಂಬತ್ತನೇದ್ರಲ್ಲಿ ಆರು, ಹತ್ತನೇದ್ರಲ್ಲಿ ಸೊನ್ನೆ. ಮಧ್ಯೆ ಏನಾಯ್ತು?"

"ಏನಿಲ್ಲ ಮೇಡಂ. ಅಮ್ಮ ಹೋದ್ರು."

ಹೊರಗೆ ಮಳೆ ಬರುತ್ತಿದೆ ಎಂದು ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಮೂರು ತಿಂಗಳಿಂದ ಅವಳು ಎಲ್ಲವನ್ನೂ ಹಾಗೆಯೇ ಹೇಳುತ್ತಿದ್ದಳು.

ಮೇಡಂ ದನಿ ತಗ್ಗಿಸಿದರು. "ಮೊದಲಿನವುಗಳಲ್ಲಿ ಪುಟಕ್ಕೊಂದು ಸಲ 'ಆಮೇಲೆ?' ಅಂತ ಕೇಳಿದೀಯ. ಹತ್ತರಿಂದ ಈಚೆಗೆ ಒಂದೂ ಇಲ್ಲ. ಅವರ ಹತ್ರ ಹೊಸದಿರಲಿಲ್ವೋ, ನೀನೇ ಕೇಳಲಿಲ್ವೋ? ಪರೀಕ್ಷಕರು ಇಷ್ಟು ಕೆದಕಲಿಕ್ಕಿಲ್ಲ. ಒಂದ್ಸಲ ಧ್ವನಿಮುದ್ರಣ ಕೇಳು. ಆಮೇಲೂ ಈ ವಾಕ್ಯ ಸರಿ ಅಂದ್ರೆ ಸಹಿ ಹಾಕ್ತೀನಿ."

ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಹನ್ನೊಂದನೆಯದನ್ನು ಹಾಕಿದಳು. ಹೆಂಡತಿಯನ್ನು ಎರಡು ವರ್ಷ ನೋಡಿಕೊಂಡ ದರ್ಜಿ.

"ಅವಳು ಹೋದ ದಿನ ನಾನು ಹೊಟ್ಟೆ ತುಂಬ ಉಂಡೆ ಕಣಮ್ಮಾ. ಊಟ ರುಚಿಯಾಗಿತ್ತು. ಇದನ್ನ ಯಾರಿಗೂ ಹೇಳಿಲ್ಲ."

ಹೊಲಿಗೆ ಯಂತ್ರದ ಮೇಲೆ ಕತ್ತರಿ ಇಟ್ಟ ಸದ್ದು. ಬಳಿಕ ಅವಳದೇ ದನಿ: "ಸರಿ. ಔಷಧಿ ಎಲ್ಲಿಂದ ತರ್ತಿದ್ರಿ?"

ಆ ಮಾತಿನ ಪಕ್ಕ ಅವಳು 'ಊಟ, ನಿದ್ರೆ' ಎಂಬ ಹಳೆಯ ಕೋಡನ್ನೇ ಅಂಟಿಸಿದ್ದಳು. ಮತ್ತೆ ಹಿಂದಕ್ಕೆ ಹೋಗಿ ಕೇಳಿದಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಕಣ್ಣ ಮುಂದೆ ಬಂದವಳು, ಕಾಯಿಲೆಯ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡ ಅಕ್ಕ.

ಅಮ್ಮ ಹೋದಾಗ ಇವಳು ಒಂಬತ್ತನೆಯ ಸಂದರ್ಶನದಲ್ಲಿದ್ದಳು. ಬಿದ್ದೆನೋ ಎದ್ದೆನೋ ಎಂದು ಓಡಿ ಬಂದರೆ, ಒಳಗೆ ಅಮ್ಮನ ಹೆಣ. ಅಡುಗೆಮನೆಯಲ್ಲಿ ಅಕ್ಕ ತಟ್ಟೆ ಮುಂದಿಟ್ಟುಕೊಂಡು ಉಣ್ಣುತ್ತಿದ್ದಳು. ಅಂದಿನಿಂದ ಒಂದೇ ಸೂರಿನಡಿ ಇಬ್ಬರ ಮಾತು ಗ್ಯಾಸ್ ಬುಕ್ ಮಾಡುವಷ್ಟಕ್ಕೆ ಇಳಿದಿತ್ತು. ಇಂಥ ಕಲ್ಲುಹೃದಯವೇ ಎಂದು ಇವಳು ಆವತ್ತೇ ತೀರ್ಪು ಕೊಟ್ಟು ಮುಗಿಸಿದ್ದಳು.

ಹಳೆಯ ವಾಕ್ಯ ಅಳಿಸಿದಳು. "ಹತ್ತರಿಂದ ಹದಿನಾಲ್ಕರವರೆಗಿನ ಸಂದರ್ಶನಗಳಲ್ಲಿ ಸಂದರ್ಶಕಿ ಮರುಪ್ರಶ್ನೆ ಕೇಳಿರಲಿಲ್ಲ. ಆದ್ದರಿಂದ ಅವುಗಳಲ್ಲಿ ಹೊಸ ಕೋಡ್ ಇಲ್ಲದಿರುವುದನ್ನು ಸಂತೃಪ್ತಿಗೆ ಪುರಾವೆಯಾಗಿ ಪರಿಗಣಿಸಿಲ್ಲ. ಆ ಐವರನ್ನು ಮತ್ತೆ ಸಂದರ್ಶಿಸಿ, ಅಗತ್ಯವೆನಿಸಿದರೆ ಹೊಸಬರನ್ನು ಸೇರಿಸಿ, ಬಳಿಕವೇ ನಿರ್ಧರಿಸಲಾಗುವುದು."

ಮೇಡಂ ಓದಿದರು. "ರಜೆ?"

"ಮುಗಿಯುತ್ತೆ. ವಾರ್ಡಿಗೆ ಹೋಗ್ತೀನಿ."

ಮನೆಗೆ ಬಂದಾಗ ಅಕ್ಕ ಬಟ್ಟೆ ಮಡಚುತ್ತಿದ್ದಳು. ನರ್ಸಮ್ಮ ಚಪ್ಪಲಿ ಬಿಟ್ಟು ಎದುರಿಗೇ ಕೂತಳು.

"ಅಕ್ಕ, ಅವತ್ತು ಊಟ ಹೇಗಿತ್ತು?"

ಯಾವತ್ತು ಎಂದು ಅಕ್ಕ ಕೇಳಲಿಲ್ಲ. ಮಡಚಿದ ಟವಲನ್ನು ಬಿಚ್ಚಿ ಮತ್ತೆ ಮಡಚಿದಳು.

"ಚೆನ್ನಾಗಿತ್ತು ಕಣೇ. ಬಿಸಿಯಾಗಿ, ಕೂತು ಉಂಡು ಎಷ್ಟೋ ದಿನ ಆಗಿತ್ತು. ಅಮ್ಮನೇ ಹೇಳಿದ್ಲು, ನಾನು ಹೋದ ಕೂಡ್ಲೇ ಮೊದಲು ಒಂದು ತುತ್ತು ತಿನ್ನೇ ಅಂತ."

ನಾಲಿಗೆಯ ತುದಿಗೆ "ಸರಿ" ಬಂದಿತ್ತು. ನರ್ಸಮ್ಮ ಅದನ್ನು ನುಂಗಿಕೊಂಡಳು.

"ಆಮೇಲೆ?" ಎಂದಳು.