ಬೌಲತರಾಯ

ಸರಸಂಬಾದ ಚಾವಡಿಯಲ್ಲಿ ಜನನ ಮರಣ ನೋಂದಣಿಯೂ ಊರ ಲೆಕ್ಕ ಬರೆಯುವ ತಲಾಠಿ ಶಾಂತಲಿಂಗಪ್ಪನದೇ ಕೆಲಸ. ಮುದುಕ ದೌಲತರಾಯ ತಂದ ಅರ್ಜಿಯನ್ನು ಆತ ಎರಡು ಸಲ ಓದಿದ. ಊರ ಮಾಸ್ತರರು ಬರೆದುಕೊಟ್ಟದ್ದು: ಮೊಮ್ಮಗನ ಜನನ ಪತ್ರದಲ್ಲಿ ‘ಬೌಲತರಾಯ’ ಎಂದಿದೆ, ಬರೆಯುವವರ ಕೈತಪ್ಪು, ‘ದೌಲತರಾಯ’ ಎಂದು ತಿದ್ದಿಕೊಡಬೇಕು.

“ಯಾರ ಕೈತಪ್ಪು, ಗೌಡ್ರ?”

“ನಿಮ್ದೇ. ಮತ್ತ್ಯಾರದು? ನನ್ನ ಹೆಸರು ಮೊಮ್ಮಗನಿಗೆ ಇಟ್ರ, ನೀವು ಬೌ ಬೌ ಅಂತ ನಾಯಿ ಮಾಡಿದ್ರಿ. ನಾಳೆ ಆಳಂದದ ಸಾಲಿಯಾಗ ಹೆಸರು ಹಚ್ಚೂದು ಕಡೀ ದಿನ. ಕಾಗದದಾಗ ಇದ್ದದ್ದೇ ಬರೀತೇವಿ ಅಂದಾರ. ಬರದ ಮ್ಯಾಲ ಹುಡುಗ ಜಲ್ಮ ಪೂರ್ತಿ ಬೌಲತನೇ.”

ಶಾಂತಲಿಂಗಪ್ಪ ಹಳೆಯ ರಿಜಿಸ್ಟರ್ ಬಿಚ್ಚಿದ. ಅಕ್ಷರ ದುಂಡಗಿತ್ತು. ಪಕ್ಕದಲ್ಲಿ, ಹೆಸರು ತಿಳಿಸಿದ ತಾಯಿಯ ಹೆಬ್ಬೆಟ್ಟು. ಗಂಡ ಸೊಲ್ಲಾಪುರದ ಗಿರಣಿಯಲ್ಲಿದ್ದುದರಿಂದ ತೊಟ್ಟಿಲಿಗೆ ಹಾಕಿದ ಮೇಲೆ ಅವಳೇ ಬಂದು ಹೇಳಿದ್ದಳು.

“ಮಾಳಮ್ಮ, ನೀ ಹೇಳಿದ್ದನ್ನೇ ಬರದೀನಿ ನಾನು. ಹೌದಲ್ಲ?”

ಬಾಗಿಲ ಬಳಿ ಕೂತಿದ್ದ ಸೊಸೆ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

“ನನ್ನ ಕೈತಪ್ಪಾದ್ರ ಈಗೇ ತಿದ್ದತೇನಿ. ನೀನೇ ಬ್ಯಾರೆ ಹೆಸರು ಹೇಳಿ ಈಗ ಬದಲ ಮಾಡಾಕತ್ತಿದ್ರ, ಸಂಗತಿ ಗೊತ್ತಿದ್ದ ಇಬ್ರು ಬರದುಕೊಡಬೇಕು. ಸೂಲಗಿತ್ತಿ ಚಾಂದಬೀ ಮಗಳ ಊರಿಗೆ ಹೋಗ್ಯಾಳ. ನಾಳೆಗೆ ಆಗೂದಲ್ಲ. ಹೇಳು, ಹುಡುಗನ ಹೆಸರೇನು?”

“ಅದೇ ರೀ... ಮನ್ಯಾಗ ಹಿರ್ಯಾರದು.”

“ಹಿರ್ಯಾರದಂತ ಬರೀಲೇನು?”

“ಹೇಳಬೇ!” ಮುದುಕ ಗದರಿದ. “ಬಾಯಾಗೇನು ಕಡಬು ಇಟ್ಕೊಂಡೀ?”

ಅವಳ ತುಟಿ ಅಲುಗಿತು. ಸಣ್ಣ ದನಿ ಹೊರಟಿತು: “ಬೌಲತರಾಯ.”

ಮುದುಕನ ಮುಖ ಇಳಿಯಿತು. ಹಿರಿಯರ ಹೆಸರು ಹೇಳಬಾರದೆಂದು, ಲಗ್ನವಾಗಿ ಬಂದಾಗಿನಿಂದ ಅವಳು ಮಾವನ ಹೆಸರನ್ನು ನೆಟ್ಟಗೆ ಉಚ್ಚರಿಸಿರಲಿಲ್ಲ. ದೌಲತಾಬಾದಿನ ಕೋಟೆಯೂ ಅವಳ ಬಾಯಲ್ಲಿ ಬೌಲತಾಬಾದೇ. ಮನೆಯವರು ಅದಕ್ಕೆ ನಗುತ್ತಿದ್ದರು, ಮೆಚ್ಚುತ್ತಲೂ ಇದ್ದರು. ಮಗನನ್ನಂತೂ ಅವಳು ‘ಅಪ್ಪು’ ಎಂದೇ ಕರೆಯುವುದು.

ದೌಲತರಾಯ ಎದ್ದು ರುಮಾಲು ಸರಿಮಾಡಿಕೊಂಡ. “ನಾ ಹೊರಗ ಬೇವಿನ ಗಿಡದ ಕೆಳಗ ಇರ್ತೇನಿ. ನನ್ನ ಮುಂದ ಆಕಿ ಬಾಯಿ ಏಳೂದಿಲ್ಲ.”

ಮಾವನ ಚಪ್ಪಲಿಯ ಸದ್ದು ದೂರವಾದರೂ ಮಾಳಮ್ಮ ಬಾಯಿ ತೆರೆಯಲಿಲ್ಲ. ಶಾಂತಲಿಂಗಪ್ಪ ಪೆನ್ನಿನ ಟೋಪಿ ಹಾಕಿದ. ರಿಜಿಸ್ಟರ್ ಮುಚ್ಚಲು ಅಂಗೈ ಊರಿದ.

“ತಡೀರಿ!” ಅವಳು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದಳು. ಮಗನನ್ನು ಊಟಕ್ಕೆ ಕರೆಯುವವಳಂತೆ ಒಮ್ಮೆಲೇ ಕೂಗಿಬಿಟ್ಟಳು: “ದೌಲತರಾಯಾ!”

“ಓ!” ಬೇವಿನ ಗಿಡದ ಕೆಳಗಿಂದ ಮುದುಕನ ದನಿ ಬಂತು.

ಮಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ನಡುಗುತ್ತಿತ್ತು, ಅಳುವೋ ನಗುವೋ ತಿಳಿಯಲಿಲ್ಲ.

ಶಾಂತಲಿಂಗಪ್ಪ ಅರ್ಜಿಯ ‘ಬರೆಯುವವರ ಕೈತಪ್ಪು’ ಎಂಬುದನ್ನು ಹೊಡೆದುಹಾಕಿ, ‘ಹೇಳಿಕೆಯಲ್ಲಿ ಉಚ್ಚಾರದ ತಪ್ಪು’ ಎಂದು ಸೇರಿಸಿ, ಅಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ರಿಜಿಸ್ಟರಿನ ಹಳೆಯ ಬರಹವನ್ನು ಮುಟ್ಟಲಿಲ್ಲ. ಅಂಚಿನಲ್ಲಿ ಸರಿ ಹೆಸರು ಬರೆದು, ಸಹಿ ತಾರೀಖು ಹಾಕಿ, ಹೊಸ ಪತ್ರ ಬರೆಯತೊಡಗಿದ.

ಹೊರಗಿನಿಂದ ಮುದುಕ ಕೇಳಿದ, “ಒಳಗ ಬರ್ಲೇನ್ರಿ?”

“ಮಾವಾರಿಗೆ ಇನ್ನಾ ಸ್ವಲ್ಪ ಅಲ್ಲೇ ಇರಾಕ ಹೇಳ್ರಿ,” ಎಂದಳು ಮಾಳಮ್ಮ.